ಕಾಗಕ್ಕ ಬಾಗಿಲು ತಟ್ಟುವಾಗ: ಒಂದು ಮಳೆಗಾಲದ ಕತೆಯ ಚಿತ್ರ, ಸದ್ದು ಮತ್ತು ನಿಧಾನ

ಕಾಗಕ್ಕ ಗುಬ್ಬಕ್ಕನ ಕತೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಕಡೆ ಕಡಿಮೆ. ಕಾಗಕ್ಕನದು ಸೆಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜಡಿಮಳೆ ಹಿಡಿಯುತ್ತದೆ, ಸೆಗಣಿ ಮನೆ ಕರಗಿ ಹೋಗುತ್ತದೆ, ಕಾಗಕ್ಕ ನೆನೆಯುತ್ತಾ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಂದಲ್ಲ ಒಂದು ಕೆಲಸ ಹೇಳಿ ಬಾಗಿಲು ತೆಗೆಯುವುದನ್ನು ಮುಂದೂಡುತ್ತಾಳೆ. ಕೊನೆಗೆ ಒಳಗೆ ಬಿಟ್ಟುಕೊಂಡಾಗ ಕಾಗಕ್ಕ ಕಡಲೆಯ ಬುಟ್ಟಿಯ ಪಕ್ಕದಲ್ಲಿ ಮಲಗಿ, ರಾತ್ರಿಯಿಡೀ ಕಟುಂ ಕಟುಂ ಎಂದು ಕಡಲೆ ತಿನ್ನುತ್ತಾಳೆ. ಏನದು ಸದ್ದು ಎಂದು ಕೇಳಿದರೆ ಮದುವೆ ಮನೆಯಲ್ಲಿ ಕೊಟ್ಟ ಅಡಿಕೆ ಎನ್ನುತ್ತಾಳೆ. ಇದು ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಪಾಠ. ಊರೂರಿಗೆ ವ್ಯತ್ಯಾಸಗಳಿವೆ, ಕೊನೆಯಂತೂ ಮನೆಮನೆಗೂ ಬೇರೆ.

ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಲ್ಲಿ ಕುಳಿತು ನಾನು ಇಂಥ ಕತೆಗಳನ್ನು ಚಿತ್ರ ಮತ್ತು ಸದ್ದುಗಳೊಂದಿಗೆ ಧ್ವನಿಮುದ್ರಿಸಿ, 3ರಿಂದ 7 ವರ್ಷದ ಮಕ್ಕಳಿಗಾಗಿ ಸಣ್ಣ ವಿಡಿಯೊಗಳನ್ನಾಗಿ ಮಾಡುತ್ತೇನೆ. ಮಕ್ಕಳು ಅವನ್ನು ಹೆಚ್ಚಾಗಿ ಅಮ್ಮನ ಮೊಬೈಲಿನಲ್ಲಿ, ಕೆಲವೊಮ್ಮೆ ಅಂಗನವಾಡಿಯ ಪುಟ್ಟ ಸ್ಪೀಕರಿನಲ್ಲಿ ಕೇಳುತ್ತಾರೆ. ಈ ಬರಹದಲ್ಲಿ ಬೇರೆ ಕತೆಗಳ ಗೋಜಿಗೆ ಹೋಗದೆ, ಇದೊಂದೇ ಕತೆಯನ್ನು, ಅದರಲ್ಲೂ ಮುಖ್ಯವಾಗಿ ಬಾಗಿಲು ತಟ್ಟುವ ಭಾಗವನ್ನು ಹೇಗೆ ಕಟ್ಟಬೇಕೆಂಬುದನ್ನು ವಿವರವಾಗಿ ಹೇಳಬೇಕೆಂದಿದ್ದೇನೆ. ಏಕೆಂದರೆ ಈ ಕತೆಯ ಜೀವ ಇರುವುದು ಆ ಕಾಯಿಸುವಿಕೆಯಲ್ಲಿ. ಚಿತ್ರವಾಗಲಿ ಸದ್ದಾಗಲಿ ಆ ಕಾಯುವ ಹೊತ್ತನ್ನು ತುಂಬಿಬಿಟ್ಟರೆ ಕತೆ ಅಲ್ಲಿಗೇ ಮುಗಿದುಹೋಗುತ್ತದೆ.

ಮೊದಲು ಮಾತಿನ ವಿಚಾರ. ಬಾಗಿಲಿನ ಭಾಗ ಹೀಗೆ ಸಾಗುತ್ತದೆ:

"ಗುಬ್ಬಕ್ಕಾ ಗುಬ್ಬಕ್ಕಾ, ಬಾಗ್ಲು ತೆಗಿಯೇ."

"ತಡಿಯೇ ಕಾಗಕ್ಕ, ಮಗೂಗೆ ಎಣ್ಣೆ ಹಚ್ತಾ ಇದೀನಿ."

"ಗುಬ್ಬಕ್ಕಾ ಗುಬ್ಬಕ್ಕಾ, ಬಾಗ್ಲು ತೆಗಿಯೇ."

"ತಡಿಯೇ ಕಾಗಕ್ಕ, ಮಗೂಗೆ ನೀರು ಹೊಯ್ತಾ ಇದೀನಿ."

ಹೀಗೆಯೇ ಮೈ ಒರೆಸುವುದು, ಕಾಡಿಗೆ ಹಚ್ಚುವುದು, ಹಾಲು ಕುಡಿಸುವುದು, ತೊಟ್ಟಿಲು ತೂಗುವುದು ಎಂದು ಅಜ್ಜಿಯಂದಿರು ಬೇಕಾದಷ್ಟು ಉದ್ದ ಎಳೆಯುತ್ತಿದ್ದರು. ಎದುರಿಗೆ ಕುಳಿತ ಮಗುವಿನ ಮುಖ ನೋಡಿಕೊಂಡು ಹೇಳುವವರಿಗೆ ಆ ಸ್ವಾತಂತ್ರ್ಯವಿದೆ. ಧ್ವನಿಮುದ್ರಣದಲ್ಲಿ ಮಾತ್ರ ಎಷ್ಟು ಸಲ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ನಾನು ಐದು ಸಲಕ್ಕೆ ನಿಲ್ಲಿಸುತ್ತೇನೆ. ಮೊದಲ ಸಲ ಮಗುವಿಗೆ ಅದು ಸುದ್ದಿ, ಎರಡನೆಯ ಸಲ ಇದು ಮತ್ತೆ ಬರುತ್ತದೆ ಎಂಬ ಅನುಮಾನ, ಮೂರನೆಯ ಸಲಕ್ಕೆ ಮಗು ತಾನೇ ಕಾಗಕ್ಕನ ಮಾತನ್ನು ಹೇಳಲು ಬಾಯಿ ತೆರೆಯುತ್ತದೆ. ನಾಲ್ಕನೆಯದು ಮತ್ತು ಐದನೆಯದು ಮಗುವಿನ ಪಾಲು. ಮೂರಕ್ಕೇ ಬಾಗಿಲು ತೆಗೆದುಬಿಟ್ಟರೆ ಮಗು ಆಟಕ್ಕೆ ಇಳಿಯುವ ಹೊತ್ತಿಗೆ ಆಟ ಮುಗಿದಿರುತ್ತದೆ. ಏಳೆಂಟಕ್ಕೆ ಹೋದರೆ ಎದುರಿಗೆ ಹೇಳುವವರಿಲ್ಲದ ಕಾರಣ ಗಮನ ಬೇರೆಡೆಗೆ ಹೋಗುತ್ತದೆ.

ಮಗುವಿಗೆ ಪಾಲು ಕೊಡಬೇಕೆಂದರೆ ಮಾತಿನ ನಡುವೆ ಅದಕ್ಕೆ ಜಾಗ ಬಿಡಬೇಕು. ಆ ಜಾಗದ ಅಳತೆಯನ್ನು ಊಹೆಯಿಂದ ನಿರ್ಧರಿಸುವುದು ಕಷ್ಟ. ಪಕ್ಕದ ಮನೆಯ ನಾಲ್ಕು ವರ್ಷದ ಮಗುವೊಂದರಿಂದ "ಗುಬ್ಬಕ್ಕಾ ಗುಬ್ಬಕ್ಕಾ, ಬಾಗ್ಲು ತೆಗಿಯೇ" ಎಂದು ಹೇಳಿಸಿ ಸಮಯ ನೋಡಿಕೊಳ್ಳುವುದು ಸುಲಭದ ದಾರಿ. ದೊಡ್ಡವರು ಎರಡು ಸೆಕೆಂಡಿನಲ್ಲಿ ಮುಗಿಸುವ ಸಾಲಿಗೆ ಮಗುವಿಗೆ ಮೂರು ಸೆಕೆಂಡು ಬೇಕಾಗುತ್ತದೆ, ಹೇಳುವ ಮುಂಚೆ ಉಸಿರು ತೆಗೆದುಕೊಳ್ಳಲು ಇನ್ನೊಂದು. ಹಾಗಾಗಿ ಮೂರನೆಯ ಸಲದಿಂದ ಬಾಗಿಲು ತಟ್ಟಿದ ಸದ್ದು ಮುಗಿದ ಮೇಲೆ ನಾನು ನಾಲ್ಕು ಸೆಕೆಂಡು ಬಿಡುತ್ತೇನೆ, ಆಮೇಲೆ ಕಾಗಕ್ಕನ ದನಿಯಲ್ಲಿ ಆ ಸಾಲನ್ನು ಹೇಳುತ್ತೇನೆ. ಮಗು ಮುಂಚೆಯೇ ಹೇಳಿದ್ದರೆ ಕಾಗಕ್ಕ ತನ್ನ ಮಾತನ್ನೇ ಮತ್ತೆ ಹೇಳಿದಳೆಂದು ಸಂತೋಷಪಡುತ್ತದೆ, ಹೇಳದಿದ್ದರೆ ಕತೆ ತಾನೇ ಮುಂದುವರಿಯುತ್ತದೆ. ಸಂಕಲನ ಮಾಡುವಾಗ ಈ ನಾಲ್ಕು ಸೆಕೆಂಡು ದೊಡ್ಡವರ ಕಿವಿಗೆ ಅಸಹನೀಯವಾಗಿ ಉದ್ದವೆನಿಸುತ್ತದೆ. ಕತ್ತರಿ ಹಾಕಲು ಕೈ ತುರಿಸುವುದು ಇಲ್ಲಿಯೇ, ತಡೆದುಕೊಳ್ಳಬೇಕಾದದ್ದೂ ಇಲ್ಲಿಯೇ.

ನಿಧಾನ ಎಂದರೆ ಅಕ್ಷರಗಳನ್ನು ಎಳೆಯುವುದು ಎಂದು ಹಲವರು ತಿಳಿಯುತ್ತಾರೆ. ಕನ್ನಡದಲ್ಲಿ ಅದು ನಡೆಯುವುದಿಲ್ಲ. ಹ್ರಸ್ವ ದೀರ್ಘಗಳಿಂದಲೇ ಅರ್ಥ ಬದಲಾಗುವ ಭಾಷೆಯಲ್ಲಿ 'ಕಡು' ಎಂಬುದನ್ನು ಎಳೆದರೆ 'ಕಾಡು' ಆಗುತ್ತದೆ, ಆಗ ಇನ್ನೂ ಮಾತು ಕಲಿಯುತ್ತಿರುವ ಮಗುವಿಗೆ ಪದವೇ ಗುರುತು ಸಿಗುವುದಿಲ್ಲ. ಪದಗಳು ಮನೆಯಲ್ಲಿ ಆಡುವ ವೇಗಕ್ಕಿಂತ ಸ್ವಲ್ಪವೇ ತಗ್ಗಿ, ಸ್ಪಷ್ಟವಾಗಿ ಬರಬೇಕು. ನಿಧಾನವೆಲ್ಲ ವಾಕ್ಯ ಮತ್ತು ವಾಕ್ಯದ ನಡುವೆ ಇರಬೇಕು. ಈ ಕತೆಯನ್ನು ದೊಡ್ಡವರಿಗೆ ಓದಿ ಹೇಳಿದಂತೆ ಒಂದೇ ಸಮ ಹೇಳಿದರೆ ನಾಲ್ಕು ನಿಮಿಷ ಸಾಕು. ನನ್ನ ಮುದ್ರಣ ಒಂಬತ್ತು ನಿಮಿಷವಿದೆ, ಆ ಹೆಚ್ಚಿನ ಐದು ನಿಮಿಷದಲ್ಲಿ ಬಹುಪಾಲು ಮಾತಿಲ್ಲದ ಹೊತ್ತು.

ಮಾತಿಲ್ಲದ ಹೊತ್ತು ಎಂದರೆ ಸಂಪೂರ್ಣ ನಿಶ್ಶಬ್ದವೂ ಅಲ್ಲ. ಧ್ವನಿ ಸಂಕಲನದ ತಂತ್ರಾಂಶದಲ್ಲಿ ಎರಡು ವಾಕ್ಯಗಳ ನಡುವೆ ಖಾಲಿ ಜಾಗ ಸೇರಿಸಿದರೆ ಅಲ್ಲಿ ಕೋಣೆಯ ಸದ್ದೂ ಇಲ್ಲವಾಗಿ, ಮೊಬೈಲ್ ನಿಂತುಹೋಯಿತೆಂದು ಮಗು ಪರದೆಯನ್ನು ಒತ್ತಲು ಹೋಗುತ್ತದೆ. ಆದ್ದರಿಂದ ಮುದ್ರಣಕ್ಕೆ ಕುಳಿತಾಗ ಮಾತು ಶುರು ಮಾಡುವ ಮೊದಲು ಅದೇ ಕೋಣೆಯಲ್ಲಿ, ಮೈಕನ್ನು ಅದೇ ಜಾಗದಲ್ಲಿಟ್ಟು, ಅಲುಗಾಡದೆ ಒಂದು ನಿಮಿಷ ಸುಮ್ಮನಿದ್ದು ಕೋಣೆಯ ಸದ್ದನ್ನು ಮಾತ್ರ ಮುದ್ರಿಸಿಕೊಳ್ಳಬೇಕು. ಆಮೇಲೆ ಬಿಡಬೇಕಾದ ಜಾಗಗಳಿಗೆಲ್ಲ ಆ ತುಣುಕನ್ನೇ ತುಂಬಿದರೆ ಮಾತು ನಿಂತರೂ ಕತೆ ಹೇಳುವವರು ಅಲ್ಲೇ ಕುಳಿತಿದ್ದಾರೆ ಎನಿಸುತ್ತದೆ. ಮಲೆನಾಡಿನಲ್ಲಿ ಇದಕ್ಕೊಂದು ತೊಡಕಿದೆ. ಸಂಜೆಯ ಮೊದಲ ಮುದ್ರಣದಲ್ಲಿ ಜೀರುಂಡೆ ಇರುತ್ತದೆ, ಮರುದಿನ ಬೆಳಿಗ್ಗೆ ತಿದ್ದಿ ಹೇಳಿದ ಸಾಲಿನಲ್ಲಿ ಇರುವುದಿಲ್ಲ. ಎರಡನ್ನೂ ಜೋಡಿಸಿದರೆ ಜೀರುಂಡೆ ಥಟ್ಟನೆ ಬಾಯಿ ಮುಚ್ಚಿದಂತೆ ಕೇಳುತ್ತದೆ. ಹಾಗಾಗಿ ಇಡೀ ಕತೆಯನ್ನು ಒಂದೇ ಕೂತಿನಲ್ಲಿ ಮುಗಿಸುವುದು ಲೇಸು. ಹಂಚಿನ ಮನೆಯಲ್ಲಿ ಮಳೆ ಬಿಡುವು ಕೊಟ್ಟ ಹೊತ್ತನ್ನು ಕಾದು, ಕಿಟಕಿಗೂ ಬೆನ್ನ ಹಿಂದಿನ ಗೋಡೆಗೂ ದಪ್ಪ ಕಂಬಳಿ ಇಳಿಬಿಟ್ಟರೆ ದನಿಯ ಮರುದನಿ ಸಾಕಷ್ಟು ತಗ್ಗುತ್ತದೆ.

ಇನ್ನು ಮಳೆಯ ಸದ್ದು. ಆಗುಂಬೆಯ ಪಕ್ಕದಲ್ಲಿದ್ದುಕೊಂಡು ಮಳೆಯ ಸದ್ದಿಗೆ ಕೃತಕ ಉಪಾಯ ಮಾಡುವುದೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಹಂಚಿನ ಮೇಲೆ ಸುರಿಯುವ ನಿಜವಾದ ಮಳೆಯನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿದರೆ ಅದು ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತೆ ಒಂದೇ ಸಮನೆ ಚೊರ್ ಎನ್ನುತ್ತದೆ. ಜಡಿಮಳೆಯಲ್ಲಿ ಸಾವಿರಾರು ಹನಿಗಳ ಸದ್ದು ಒಂದರೊಳಗೊಂದು ಬೆರೆತು, ತಗ್ಗಿನಿಂದ ಹೆಚ್ಚಿನವರೆಗೆ ಎಲ್ಲ ಕಂಪನಗಳೂ ಒಟ್ಟಿಗೇ ಇರುತ್ತವೆ. ಕಣ್ಣ ಮುಂದೆ ಮಳೆ ಇದ್ದಾಗ ಕಿವಿ ಅದನ್ನು ಮಳೆಯೆಂದು ಗುರುತಿಸುತ್ತದೆ, ಸ್ಪೀಕರಿನಿಂದ ಬಂದಾಗ ಬರೀ ಗದ್ದಲವೆನ್ನುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮತ್ತೊಂದಿದೆ. ಸ, ಶ, ಚ ಇಂಥ ವ್ಯಂಜನಗಳು ಕೇಳಿಸುವುದು ಹೆಚ್ಚಿನ ಕಂಪನಗಳಲ್ಲಿ, ಮಳೆಯ ಗದ್ದಲ ಅವನ್ನೇ ಮೊದಲು ಮುಚ್ಚಿಹಾಕುತ್ತದೆ. 'ಸೆಗಣಿ' ಎಂದು ಹೇಳಿದ್ದು 'ಎಗಣಿ' ಎಂದು ಕೇಳಿದರೆ ದೊಡ್ಡವರು ಊಹಿಸಿಕೊಳ್ಳುತ್ತಾರೆ. ಆ ಪದವನ್ನು ಮೊದಲ ಸಲ ಕೇಳುತ್ತಿರುವ ಮಗುವಿಗೆ ಊಹಿಸಲು ಆಧಾರವಿರುವುದಿಲ್ಲ.

ಒಂದೊಂದೇ ಹನಿ ಬಿಡಿಬಿಡಿಯಾಗಿ ಕೇಳಿದರೆ ಮಾತ್ರ ಕಿವಿ ಅದನ್ನು ಮಳೆ ಎನ್ನುತ್ತದೆ. ಅದಕ್ಕೆ ನಮ್ಮಲ್ಲಿ ಅಡಿಕೆ ಹಾಳೆಗಿಂತ ಒಳ್ಳೆಯ ಸಾಧನವಿಲ್ಲ. ಚೆನ್ನಾಗಿ ಒಣಗಿದ ಅಗಲವಾದ ಹಾಳೆಯೊಂದನ್ನು ಎರಡು ತುದಿ ಮಾತ್ರ ಆತುಕೊಂಡು ನಡುವೆ ಟೊಳ್ಳು ಇರುವಂತೆ ಕವುಚಿ ಇಟ್ಟು, ಮೇಲೆ ಬೆರಳ ತುದಿಗಳಿಂದ ತಟ್ಟಬೇಕು. ಮೊದಲು ಒಂದು ಬೆರಳು, ಆಮೇಲೆ ಎರಡು, ಬರಬರುತ್ತಾ ಎಲ್ಲ ಬೆರಳೂ. ತಾಳ ಹಿಡಿದಂತೆ ತಟ್ಟಿದರೆ ತಮಟೆಯಾಗುತ್ತದೆ, ಬೇಕೆಂದೇ ಲಯ ತಪ್ಪಿಸಬೇಕು. ಮಳೆ ಬಲಿಯುವಾಗ ಇದರ ಕೆಳಗೆ ಮೊರದಲ್ಲಿ ರಾಗಿಯನ್ನು ಮೆಲ್ಲಗೆ ಹೊರಳಿಸಿದ ಸದ್ದನ್ನು ಸೇರಿಸಿದರೆ ದೂರದ ಮಳೆಯ ಹಿನ್ನೆಲೆ ಸಿಗುತ್ತದೆ. ಸೂರಿನ ನೀರಿಗೆ ಕೊಡದಲ್ಲಿ ಅರ್ಧ ನೀರು ಹಾಕಿ ಮೇಲಿನಿಂದ ಹನಿ ಬೀಳಿಸಿದರೆ ಸಾಕು. ಮಳೆ ಇಳಿಯುತ್ತಾ ಬಂದಂತೆ ಬೇರೆಲ್ಲ ಸದ್ದನ್ನು ತೆಗೆದು ಈ ಹನಿಯೊಂದನ್ನೇ ಉಳಿಸಬಹುದು. ಸೆಗಣಿ ಮನೆಯ ಗೋಡೆ ಕುಸಿಯುವುದಕ್ಕೆ ಕಲಸಿದ ಮಣ್ಣಿನ ಮುದ್ದೆಯನ್ನು ಹಲಗೆಯ ಮೇಲೆ ಬೀಳಿಸಿದರೆ ಬರುವ 'ಪಚಕ್' ಸದ್ದೇ ತಕ್ಕದ್ದು. ಇದನ್ನು ಮಕ್ಕಳು ಮತ್ತೆ ಮತ್ತೆ ಕೇಳಬೇಕೆನ್ನುತ್ತಾರೆ, ಆದರೂ ಕತೆಯಲ್ಲಿ ಮೂರಕ್ಕಿಂತ ಹೆಚ್ಚು ಸಲ ಬರಬಾರದು.

ಮಳೆ ಶುರುವಾಗುವುದನ್ನು ಮಾತಿನಲ್ಲಿ ಹೇಳುವ ಮೊದಲು ಸದ್ದಿನಲ್ಲಿ ಕೇಳಿಸಬೇಕು. ಹಾಳೆಯ ಮೇಲಿನ ನಾಲ್ಕಾರು ಹನಿ ಬಿದ್ದು, ಒಂದು ಉಸಿರಿನಷ್ಟು ಬಿಡುವಾಗಿ, ಆಮೇಲೆ "ಮಳೆ ಬಂತು" ಎಂಬ ಮಾತು ಬಂದರೆ, ಅಷ್ಟರಲ್ಲಿ ಮಗು ತಾನೇ ಮಳೆ ಎಂದು ಹೇಳಿರುತ್ತದೆ. ಮಾತು ಶುರುವಾದ ಮೇಲೆ ಮಳೆಯನ್ನು ದನಿಗಿಂತ 18 ಡೆಸಿಬೆಲ್‌ನಷ್ಟು ಕೆಳಗಿಡುತ್ತೇನೆ. ನಾನು ಬಳಸುವ ಅಡಾಸಿಟಿ ತಂತ್ರಾಂಶದಲ್ಲಿ ಮಾತು ಬಂದಾಗಲೆಲ್ಲ ಹಿನ್ನೆಲೆಯನ್ನು ತಾನಾಗಿ ತಗ್ಗಿಸುವ Auto Duck ಎಂಬ ಸೌಲಭ್ಯವಿದೆ. ಸಂಗೀತಕ್ಕೆ ಅದು ಒಪ್ಪುತ್ತದೆ. ನಮ್ಮ ಕತೆಯಲ್ಲಿ ಬಿಡುವುಗಳು ಹೆಚ್ಚಾದ್ದರಿಂದ ಪ್ರತಿ ವಾಕ್ಯದ ಕೊನೆಗೂ ಮಳೆ ಜೋರಾಗಿ, ಮತ್ತೆ ಮಾತಿಗೆ ಹೆದರಿದಂತೆ ತಗ್ಗುತ್ತಾ, ಇಡೀ ಮಳೆಯೇ ಏದುಸಿರು ಬಿಟ್ಟಂತೆ ಕೇಳುತ್ತದೆ. ಆದುದರಿಂದ ಮಳೆಯ ಏರಿಳಿತವನ್ನು ಕೈಯಿಂದಲೇ, ಒಂದು ದೃಶ್ಯಕ್ಕೆ ಒಂದು ಸಲ ಮಾತ್ರ ಬದಲಿಸುವುದು ಒಳ್ಳೆಯದು. ಗುಡುಗನ್ನು ನಾನು ದೂರದಲ್ಲಿಯೇ ಇಡುತ್ತೇನೆ. ಕಿವಿಗೆ ಹತ್ತಿರವಾಗಿ ಮೊಬೈಲ್ ಹಿಡಿದುಕೊಂಡ ಮಗುವಿಗೆ ಹಠಾತ್ತನೆ ಗುಡುಗು ಕೇಳಿಸುವುದು ಕತೆಯ ಕೆಲಸವಲ್ಲ.

ಚಿತ್ರಗಳಿಗೆ ಬರೋಣ. ಬಾಗಿಲಿನ ಭಾಗಕ್ಕೆ ಬಹಳಷ್ಟು ವಿಡಿಯೊಗಳು ಒಳಗಿನ ಮನೆಯನ್ನು ತೋರಿಸುತ್ತವೆ. ಕಾಗಕ್ಕ ಕೂಗಿದೊಡನೆ ಚಿತ್ರ ಒಳಗೆ ಹೋಗಿ ಗುಬ್ಬಕ್ಕ ಮಗುವಿಗೆ ಎಣ್ಣೆ ಹಚ್ಚುವುದು ಕಾಣುತ್ತದೆ, ಮತ್ತೆ ಕೂಗಿದರೆ ನೀರು ಹೊಯ್ಯುವುದು ಕಾಣುತ್ತದೆ. ಚಿತ್ರಗಳು ಚೆಂದವಿದ್ದರೂ ಇದರಿಂದ ಕತೆ ಸೋರಿಹೋಗುತ್ತದೆಂದು ನನ್ನ ದೃಢವಾದ ಅಭಿಪ್ರಾಯ. ಬಾಗಿಲು ಮುಚ್ಚಿದೆ ಎಂಬುದೇ ಇಲ್ಲಿಯ ವಿಷಯವಾಗಿರುವಾಗ ಕೇಳುಗರನ್ನು ಸಲೀಸಾಗಿ ಒಳಗೆ ಕರೆದೊಯ್ದರೆ ಬಾಗಿಲಿಗೆ ಬೆಲೆ ಉಳಿಯುವುದಿಲ್ಲ. ಜೊತೆಗೆ ಮೂರು ನಾಲ್ಕು ವರ್ಷದ ಮಕ್ಕಳಿಗೆ ಒಳಗೆ ಹೊರಗೆ ಎಂಬ ಓಡಾಟ ಗೊಂದಲ ಮಾಡುತ್ತದೆ. ಬಾಗಿಲು ತೆಗೆಯಿತೇ, ಕಾಗಕ್ಕ ಒಳಗೆ ಬಂದಳೇ ಎಂದು ಅವು ನಡುವೆಯೇ ಕೇಳತೊಡಗುತ್ತವೆ. ಗುಬ್ಬಕ್ಕ ನಿಜವಾಗಿಯೂ ಎಣ್ಣೆ ಹಚ್ಚುತ್ತಿದ್ದಾಳೋ, ನೆಪ ಹೇಳುತ್ತಿದ್ದಾಳೋ ಎಂಬ ಅನುಮಾನವೂ ಈ ಕತೆಯಲ್ಲಿದೆ. ಒಳಗಿನದನ್ನು ತೋರಿಸಿದ ತಕ್ಷಣ ಆ ಅನುಮಾನಕ್ಕೆ ಚಿತ್ರಕಾರರೇ ಉತ್ತರ ಕೊಟ್ಟಂತಾಗುತ್ತದೆ.

ಹಾಗಾಗಿ ಐದು ಸಲದ ಮಾತಿಗೂ ಒಂದೇ ಚಿತ್ರ: ಎಡಕ್ಕೆ ಜಗಲಿಯಲ್ಲಿ ನಿಂತ ಕಾಗಕ್ಕ, ಬಲಕ್ಕೆ ಮುಚ್ಚಿದ ಬಾಗಿಲು, ಅದರ ಪಕ್ಕದಲ್ಲೊಂದು ಪುಟ್ಟ ಕಿಟಕಿಯಲ್ಲಿ ದೀಪದ ಹಳದಿ ಬೆಳಕು. ಪ್ರತಿ ಸಲವೂ ಬದಲಾಗುವುದು ಎರಡೇ ಸಂಗತಿ. ಅಂಗಳದ ನೀರು ಒಂದೊಂದು ಮೆಟ್ಟಿಲು ಏರುತ್ತದೆ, ಕಾಗಕ್ಕನ ರೆಕ್ಕೆ ಸ್ವಲ್ಪ ಸ್ವಲ್ಪವೇ ಜೋತುಬೀಳುತ್ತದೆ. ಜಗಲಿಗೆ ಐದು ಮೆಟ್ಟಿಲು ಬರೆದಿರುವುದು ಇದಕ್ಕಾಗಿಯೇ. ಇದನ್ನು ನಾನು ಮಾತಿನಲ್ಲಿ ಹೇಳುವುದಿಲ್ಲ. ನೀರು ಮೇಲೆ ಬರುತ್ತಿದೆ ಎಂದು ಮಕ್ಕಳೇ ಕಂಡುಕೊಂಡು ಪಕ್ಕದಲ್ಲಿರುವವರಿಗೆ ತೋರಿಸುತ್ತಾರೆ. ಆ ನಾಲ್ಕು ಸೆಕೆಂಡಿನ ಬಿಡುವಿನಲ್ಲಿ ಕಣ್ಣಿಗೆ ಇರುವ ಕೆಲಸ ಅದು. ಚಿತ್ರವನ್ನು ಹತ್ತಿರಕ್ಕೆ ಎಳೆಯುವುದು, ಅಲುಗಾಡಿಸುವುದು ಯಾವುದೂ ಬೇಡ. ಪರದೆ ತಾನೇ ಚಲಿಸಿದರೆ ಮಗುವಿನ ಕಣ್ಣು ಹುಡುಕುವುದನ್ನು ಬಿಟ್ಟು ಪರದೆಯ ಹಿಂದೆ ಹೋಗುತ್ತದೆ.

ಬರೆಯುವ ಶೈಲಿಗೆ ನಾನು ಸಾಗರ ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಚಿತ್ತಾರದ ಕಡೆ ತಿರುಗಿದ್ದೇನೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ, ಕರಕಲಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಇವುಗಳಿಂದ ಪುಂಡಿ ನಾರಿನ ಕುಂಚ ಹಿಡಿದು ಅವರು ಎಳೆಯುವ ಗೆರೆಗಳ ಶಿಸ್ತು ಈ ಕತೆಗೆ ಹೇಳಿ ಮಾಡಿಸಿದಂತಿದೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಅವರು ಚಿತ್ತಾರ ಬರೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಆಕಾರವೆಲ್ಲ ಸರಳ ಗೆರೆ ಮತ್ತು ತ್ರಿಕೋನಗಳಿಂದ ಹುಟ್ಟುತ್ತದೆ. ಅವರ ಚಿತ್ತಾರಕ್ಕೆ ಅದರದೇ ಆಚರಣೆಯ ಅರ್ಥಗಳಿರುವುದರಿಂದ ಮದುವೆಯ ಹಸೆಗೋಡೆ ಚಿತ್ತಾರದ ನಕ್ಷೆಗಳನ್ನು ಎತ್ತಿಕೊಂಡು ಕತೆಗೆ ಅಂಟಿಸುವುದು ಸರಿಯಲ್ಲ. ಗೆರೆಯ ಕ್ರಮ ಮತ್ತು ಬಣ್ಣಗಳನ್ನು ಕಲಿತು ಕಾಗೆ ಗುಬ್ಬಿಯನ್ನು ಬೇರೆಯಾಗಿಯೇ ಬರೆಯಬೇಕು. ಕಲಿಸಿದವರ ಹೆಸರನ್ನು, ಅವರ ಒಪ್ಪಿಗೆ ಇದ್ದರೆ, ವಿಡಿಯೊದ ಕೊನೆಯಲ್ಲಿ ಹಾಕಬೇಕು.

ಈ ಶೈಲಿಯಿಂದ ಒಂದು ಪ್ರಾಯೋಗಿಕ ಲಾಭವೂ ಇದೆ. ಮಳೆ, ಸಂಜೆ, ಕಾಗೆ ಎಲ್ಲವೂ ಕಪ್ಪು. ನೀಲಿ ಕಪ್ಪಿನ ಆಕಾಶದೆದುರು ಕಪ್ಪು ಕಾಗೆಯನ್ನು ಬರೆದರೆ ಮೊಬೈಲಿನ ಬೆಳಕು ತಗ್ಗಿಸಿ ನೋಡುವ ಮನೆಯಲ್ಲಿ ಕಾಗಕ್ಕ ಕಾಣುವುದೇ ಇಲ್ಲ. ಕೆಮ್ಮಣ್ಣಿನ ಹಿನ್ನೆಲೆಯಲ್ಲಿ ಬಿಳಿಯ ಅಂಚು ಕೊಟ್ಟ ಕಪ್ಪು ಕಾಗೆ ಎಂಥ ಪರದೆಯಲ್ಲೂ ಎದ್ದು ಕಾಣುತ್ತದೆ, ಮಳೆಯೂ ಬಿಳಿಯ ಓರೆ ಗೆರೆಯಾಗಿ ತೋರುತ್ತದೆ. ಚಿತ್ರ ಮುಗಿದ ಮೇಲೆ ಮೊಬೈಲಿನಲ್ಲಿ ತೆರೆದು ತೋಳಿನಷ್ಟು ದೂರ ಹಿಡಿದು ನೋಡಿದಾಗ ಕಾಗಕ್ಕನ ಕಣ್ಣು ಯಾವ ಕಡೆ ತಿರುಗಿದೆ ಎಂಬುದು ತಿಳಿಯಬೇಕು. ತಿಳಿಯದಿದ್ದರೆ ಕಣ್ಣನ್ನು ದೊಡ್ಡದು ಮಾಡಬೇಕು, ತಲೆಗೆ ಒಪ್ಪುವ ಪ್ರಮಾಣವನ್ನು ಇಲ್ಲಿ ಮೀರಬಹುದು. ಕಾಗದದ ಮೇಲೆ ಬರೆದ ಚಿತ್ರದ ಫೋಟೊ ತೆಗೆಯಲು ಬಿಸಿಲು ನೇರವಾಗಿ ಬೀಳದ ಜಗಲಿಯೇ ಒಳ್ಳೆಯ ಜಾಗ. ಒಳಗಿನ ಬಲ್ಬಿನಡಿ ತೆಗೆದರೆ ಕೆಮ್ಮಣ್ಣಿನ ಬಣ್ಣ ಕಿತ್ತಳೆಗೆ ತಿರುಗುತ್ತದೆ.

ರಾತ್ರಿಯ ಭಾಗದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಇಲ್ಲಿ ಪರದೆ ಪೂರ್ತಿ ಕಪ್ಪು, ಗುಬ್ಬಕ್ಕನ ಎರಡು ಕಣ್ಣು ಮಾತ್ರ ಬಿಳಿ. ಕತೆಯೆಲ್ಲ ಕಟುಂ ಕಟುಂ ಸದ್ದಿನಲ್ಲಿದೆ. ಹುರಿಗಡಲೆ ಬಾಯಲ್ಲಿ ಪುಡಿಯಾಗುವುದರಿಂದ ಅದರ ಸದ್ದು ಮೆತ್ತಗೆ. ಹುರಿದ ಇಡೀ ಕಡಲೆಯೇ ಆಗಬೇಕು. ಮೈಕನ್ನು ಬಾಯಿಯ ಎದುರಿಗೆ ಇಡದೆ, ಒಂದು ಗೇಣಿನಷ್ಟು ದೂರದಲ್ಲಿ ಕೆನ್ನೆಯ ಪಕ್ಕಕ್ಕಿಟ್ಟು ಕಡಿಯಬೇಕು; ಎದುರಿಗಿಟ್ಟರೆ ಉಸಿರೂ ಜೊಲ್ಲಿನ ಸದ್ದೂ ಸೇರಿ ಕೇಳಲು ಹಿತವಾಗಿರುವುದಿಲ್ಲ. ಕಟುಂ ಎಂದು ಒಂದು, ಸ್ವಲ್ಪ ತಡೆದು ಇನ್ನೊಂದು, ಆಮೇಲೆ ಬೇಗ ಬೇಗ ಮೂರು, ಆಮೇಲೆ ಏನೂ ಇಲ್ಲ. ಕದ್ದು ತಿನ್ನುವವರು ಹಾಗೆಯೇ ತಿನ್ನುವುದು. ಆ 'ಏನೂ ಇಲ್ಲ' ಎಂಬಲ್ಲಿ ಮಕ್ಕಳು ಕಡಲೆ ಕಡಲೆ ಎಂದು ಕೂಗುತ್ತಾರೆ, ಆಮೇಲಷ್ಟೇ ಗುಬ್ಬಕ್ಕ "ಏನೇ ಅದು ಸದ್ದು ಕಾಗಕ್ಕ?" ಎಂದು ಕೇಳಬೇಕು. ಅಡಿಕೆ ತಿನ್ನುತ್ತಿದ್ದೇನೆ ಎಂಬ ಕಾಗಕ್ಕನ ಉತ್ತರಕ್ಕೆ ನಮ್ಮ ಕಡೆಯ ಮಕ್ಕಳು ನಗುವುದಕ್ಕೆ ಕಾರಣವಿದೆ. ಅಡಿಕೆಯನ್ನು ಹಾಗೆ ಕಡಿಯಲಾಗುವುದಿಲ್ಲವೆಂದು ಅಂಗಳದಲ್ಲಿ ಅಡಿಕೆ ಒಣಗುವುದನ್ನು ಕಂಡ ಎಲ್ಲ ಮಕ್ಕಳಿಗೂ ಗೊತ್ತು.

ಕೊನೆಯನ್ನು ಯಾವುದಿಡಬೇಕೆಂಬುದು ನಾನು ಹೆಚ್ಚು ಯೋಚಿಸಿದ ವಿಷಯ. ಕೆಲವು ಮನೆಗಳಲ್ಲಿ ಗುಬ್ಬಕ್ಕ ಕಾದ ಸಟ್ಟುಗದಿಂದ ಕಾಗಕ್ಕನಿಗೆ ಬರೆ ಹಾಕುತ್ತಾಳೆ. ನಮ್ಮ ಅಜ್ಜಿಯ ಪಾಠದಲ್ಲಿ ಬೆಳಗಾಗುವ ಮೊದಲೇ ಕಾಗಕ್ಕ ಹಾರಿಹೋಗಿರುತ್ತಾಳೆ, ಬುಟ್ಟಿಯಲ್ಲಿ ಕಡಲೆಯ ಬದಲು ಹಿಕ್ಕೆ ಇರುತ್ತದೆ. ಎದುರಿಗೆ ಕುಳಿತ ಅಜ್ಜಿ ಬರೆಯ ಮಾತು ಹೇಳಿದರೆ ಮಗು ಹೆದರಿದಾಗ ಮಡಿಲಿಗೆ ಎಳೆದುಕೊಳ್ಳುತ್ತಾಳೆ, ಮೊಬೈಲಿಗೆ ಮಡಿಲಿಲ್ಲವಾದ್ದರಿಂದ ನಾನು ಹಿಕ್ಕೆಯ ಕೊನೆಯನ್ನೇ ಆರಿಸಿದೆ. ಯಾರದು ತಪ್ಪು ಎಂದು ಕೇಳುವುದಿಲ್ಲ, ನೀತಿ ಹೇಳುವುದಿಲ್ಲ. ಅಷ್ಟು ಹೊತ್ತು ಬಾಗಿಲು ತೆಗೆಯದ ಗುಬ್ಬಕ್ಕನ ಬಗ್ಗೆ ಸಿಟ್ಟಾಗುವ ಮಕ್ಕಳೂ ಇದ್ದಾರೆ, ಕಡಲೆ ತಿಂದ ಕಾಗಕ್ಕನ ಬಗ್ಗೆ ಸಿಟ್ಟಾಗುವವರೂ ಇದ್ದಾರೆ, ಇಬ್ಬರಿಗೂ ಕತೆಯಲ್ಲಿ ಜಾಗವಿದೆ.

ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು, ಕಡಿಮೆ ಬೆಲೆಯ ಮೊಬೈಲೊಂದರ ಸ್ಪೀಕರಿನಲ್ಲಿ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಕತೆಯನ್ನು ಒಮ್ಮೆ ಕೇಳಬೇಕು. ಕಾಗಕ್ಕನ ದನಿ ಎಡಗಿವಿಗೂ ಗುಬ್ಬಕ್ಕನದು ಬಲಗಿವಿಗೂ ಹೋಗುವಂತೆ ಮಾಡುವ ಆಸೆಯಾಗುತ್ತದೆ, ಆದರೆ ಒಂದೇ ಸ್ಪೀಕರಿರುವ ಮೊಬೈಲಿನಲ್ಲಿ ಆ ಭೇದ ಉಳಿಯುವುದಿಲ್ಲ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಒಬ್ಬಳ ಮಾತೇ ಕೇಳದೆ ಹೋಗಬಹುದು. ಹಾಗಾಗಿ ಎರಡು ದನಿಗಳನ್ನೂ ನಡುವೆಯೇ ಇಟ್ಟು, ಕಾಗಕ್ಕನಿಗೆ ತಗ್ಗಿದ ಒರಟು ದನಿ, ಗುಬ್ಬಕ್ಕನಿಗೆ ಏರಿದ ಚುರುಕು ದನಿ ಎಂದು ಗಂಟಲಿನಿಂದಲೇ ವ್ಯತ್ಯಾಸ ಮಾಡಬೇಕು. ಸಣ್ಣ ಸ್ಪೀಕರಿಗೆ ತಗ್ಗಿನ ಕಂಪನಗಳನ್ನು ಹೊರಡಿಸಲಾಗದು, ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿದ ಗುಡುಗು ಅಲ್ಲಿ ಮಾಯವಾಗಿರುತ್ತದೆ. ತಗಡಿನ ಹಾಳೆಯೊಂದನ್ನು ಮೆಲ್ಲಗೆ ಅಲುಗಿಸಿದ ಸದ್ದನ್ನು ಅದರ ಮೇಲೆ ತೆಳ್ಳಗೆ ಸೇರಿಸಿದರೆ ಗುಡುಗು ಮತ್ತೆ ಕೇಳತೊಡಗುತ್ತದೆ. ಮಿಕ್ಸಿಯ ನಡುವೆಯೂ ಎಣ್ಣೆ, ನೀರು, ಕಾಡಿಗೆ, ಹಾಲು, ತೊಟ್ಟಿಲು ಎಂಬ ಐದೂ ಪದಗಳು ಒಂದೊಂದಾಗಿ ಕಿವಿಗೆ ಬಿದ್ದರೆ ಮುದ್ರಣ ಸರಿಯಿದೆ. ಒಂದು ಬೀಳದಿದ್ದರೂ ನಾನು ಆ ಜಾಗದ ಮಳೆಯನ್ನು ಇನ್ನಷ್ಟು ತಗ್ಗಿಸುತ್ತೇನೆಯೇ ಹೊರತು ದನಿಯನ್ನು ಏರಿಸುವುದಿಲ್ಲ.